ಒತ್ತು ನುಂಗಿದ ಫೋಟೋ | ಅಕ್ಷರ ಸರಣಿ, ಭಾಗ 4

"ಸ್ವಲ್ಪ ಬ್ಲರ್ ಇದ್ರೆ ಏನಂತೆ, ಸಂದರ್ಭ ನೋಡಿದ್ರೆ ಗೊತ್ತಾಗುತ್ತೆ ಬಿಡು." ಪ್ರಶ್ನೆಪತ್ರಿಕೆಯ ಮಸುಕು ಫೋಟೋ ಗ್ರೂಪಿಗೆ ಹಾಕೋರು ಹೇಳೋ ಮಾತಿದು. ಗೊತ್ತಾಗಲ್ಲ ಕಣ್ರೋ. ಒಂದೇ ಪ್ರಶ್ನೆ ಇಟ್ಕೊಂಡು ತೋರಿಸ್ತೀನಿ.

ವಿಜ್ಞಾನದ ಪ್ರಶ್ನೆ: ತಪ್ಪಾದ ಹೇಳಿಕೆ ಯಾವುದು? ಆಯ್ಕೆ ಬಿ: "ಎಲ್ಲ ದ್ರವ್ಯಗಳಿಗೂ ನಿರ್ದಿಷ್ಟ ಗಾತ್ರವಿರುತ್ತದೆ."

ಹಾಳೆ ಮಡಿಚಿದ ಗೆರೆ ಆ ಸಾಲಿನ ಕೆಳಗೇ ಹಾದುಹೋಗಿದೆ, 'ವ್ಯ'ದಲ್ಲಿರೋ ಯ ಒತ್ತು ನೆರಳಲ್ಲಿ ಮುಳುಗಿದೆ ಅಂದ್ಕೊಳ್ಳಿ. ಈಗ ನೀವು ಓದೋದು "ದ್ರವಗಳಿಗೂ". ನೀರನ್ನ ಲೋಟಕ್ಕೆ ಹಾಕಿದ್ರೂ ಬಾಟಲಿಗೆ ಹಾಕಿದ್ರೂ ಗಾತ್ರ ಅಷ್ಟೇ. ಹೇಳಿಕೆ ಸರಿ ಅಂತ ಬಿ ಬಿಟ್ಟು ಮುಂದೆ ಹೋಗ್ತೀರಿ. ಆದರೆ ಅಚ್ಚಾಗಿರೋದು ದ್ರವ್ಯ. ಅದರಲ್ಲಿ ಅನಿಲವೂ ಸೇರುತ್ತೆ, ಅನಿಲ ತಾನಿರುವ ಪಾತ್ರೆಯನ್ನೆಲ್ಲ ತುಂಬಿಕೊಳ್ಳುತ್ತೆ. ಹೇಳಿಕೆ ತಪ್ಪು. ಅಂದ್ರೆ ನೀವು ಬಿಟ್ಟುಹೋದ ಬಿ-ನೇ ಉತ್ತರ!

ಇಲ್ಲಿ ಸಂದರ್ಭ ಏನು ಸಹಾಯ ಮಾಡ್ತು? ಎರಡೂ ನಿಜವಾದ ಪದಗಳು, ಒಂದೇ ಪಾಠದಲ್ಲಿ ಬರುವಂಥವು, ವಾಕ್ಯದಲ್ಲಿ ಎರಡೂ ಸರಿಯಾಗಿ ಕೂರುತ್ತವೆ. 'ಯುದ್ಧ' ಅನ್ನೋದು 'ಯುದ್ದ' ಅಂತ ಕಂಡ್ರೆ ಸಂದರ್ಭ ಕಾಪಾಡುತ್ತೆ, ಯಾಕಂದ್ರೆ 'ಯುದ್ದ' ಅನ್ನೋ ಬೇರೆ ಪದವೇ ಇಲ್ಲ. ಗ್ರಹ-ಗೃಹ, ಅರ್ಥ-ಅರ್ಧ ಬಂದಾಗ ಆ ಆಸರೆ ಇರಲ್ಲ. ಥ ಮತ್ತು ಧ ನಡುವೆ ಇರೋದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಅದು ಅಳಿಸಿಹೋದ್ರೆ ಪದ ಕೆಡಲ್ಲ, ಬೇರೆ ಪದವಾಗುತ್ತೆ.

"ಕನ್ನಡ ಲಿಪಿನೇ ಗೋಜಲು" ಅಂತ ಮಾತ್ರ ಹೇಳ್ಬೇಡಿ. ಅಚ್ಚಿನಲ್ಲಿ ಎಲ್ಲ ಸ್ಪಷ್ಟವಾಗೇ ಇದೆ. ಒತ್ತುಗಳು ಚಿಕ್ಕವು, ಸಾಲಿನ ಕೆಳಗೆ ಕೂರುವಂಥವು. ಕೈ ಅಲುಗಿದ್ರೂ, ನೆರಳು ಬಿದ್ರೂ, ಆ್ಯಪ್ ಫೋಟೋನ ಕುಗ್ಗಿಸಿದ್ರೂ ಮೊದಲು ಹೋಗೋದು ಅವೇ. ಮೇಲಿನ ಅಕ್ಷರ ಉಳಿಯೋದ್ರಿಂದ ನಮಗೆ ಸರಿಯಾಗೇ ಓದಿದೀವಿ ಅನ್ಸುತ್ತೆ. ಅಪಾಯ ಇರೋದು ಅಲ್ಲೇ.

ಪರೀಕ್ಷಿಸೋದು ಹೀಗೆ: ಅದೇ ಫೋಟೋದಲ್ಲಿ ನಿಮಗೆ ಖಚಿತವಾಗಿ ಗೊತ್ತಿರೋ ಪದ ಹುಡುಕಿ. ಯ ಒತ್ತಿನ ಅನುಮಾನಕ್ಕೆ 'ಸಂಖ್ಯೆ' ನೋಡಿ, ರ ಒತ್ತಿಗೆ 'ಪ್ರಶ್ನೆ' ನೋಡಿ. ಅಲ್ಲಿ ಒತ್ತು ಕಾಣ್ತಿದ್ದು, ಅನುಮಾನದ ಪದವೂ ಅಷ್ಟೇ ಬೆಳಕಲ್ಲಿದ್ರೆ, ಕಂಡದ್ದನ್ನ ನಂಬಬಹುದು. ಅಲ್ಲೂ ಕಾಣ್ತಿಲ್ವಾ, ಅಥವಾ ಈ ಪದ ಮಾತ್ರ ನೆರಳಲ್ಲಿದೆಯಾ? ಆ ಫೋಟೋದಿಂದ ಉತ್ತರ ತೀರ್ಮಾನ ಮಾಡೋಕಾಗಲ್ಲ. "ಬಿ ಅಂತ ಎಷ್ಟು ಜನ?" ಅಂತ ಕೈ ಎತ್ತಿಸಿದ್ರೆ ಅಳಿಸಿಹೋದ ಒತ್ತು ವಾಪಸ್ ಬರಲ್ಲ. ಬೇರೆ ಫೋಟೋ ಕೇಳಿ.

ಫೋಟೋ ಹಾಕೋರಿಗೆ: ಹಾಳೆ ಚಪ್ಪಟೆ ಮಾಡಿ, ನೇರ ಮೇಲಿಂದ ತೆಗೀರಿ, ಡಾಕ್ಯುಮೆಂಟ್ ಆಗಿ ಕಳಿಸಿ. ಆಯ್ಕೆಗಳನ್ನ ಕೆಳಗೆ ಟೈಪ್ ಮಾಡಿ, ಹಾಳೆ ನಿಮ್ಮ ಕೈಯಲ್ಲಿದೆಯಲ್ಲ. ನಿಮ್ಮ ಎರಡು ನಿಮಿಷದ ಸೋಮಾರಿತನಕ್ಕೆ ಇಡೀ ಕ್ಲಾಸು ಅಂಕ ಯಾಕೆ ಕಳ್ಕೋಬೇಕು?

ಮುಂದಿನ ಭಾಗ: ಅರ್ಕಾವತ್ತು ಮತ್ತು ಕನ್ನಡದ ಒಂಬತ್ತು, ಎರಡೂ ಒಂದೇ ಥರ ಕಂಡಾಗ.

#ಅಕ್ಷರಸರಣಿ #ಒತ್ತಕ್ಷರ #ಕನ್ನಡಮಾಧ್ಯಮ