ನಾಲ್ಕನೇ ಹೆಜ್ಜೆ ನುಂಗಿದವರು ಯಾರು?

ಕಳೆದ ತಿಂಗಳು ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಊರಿಗೆ, ಅಂದ್ರೆ ಚಂದಾಪುರಕ್ಕೆ ಬಂದಿದ್ದೆ. ಭಾನುವಾರ ಅಕ್ಕನ ಮಗಳ ಜೊತೆ ಓಣಿಯ ಆರೇಳು ಮಕ್ಕಳು ಪಡಸಾಲೆಗೆ ಬಂದು ಕೂತರು. ಎಲ್ಲರೂ ಒಂದರಿಂದ ಮೂರನೇ ಕ್ಲಾಸಿನವರು. ತಾಳ ಹೇಳಿಕೊಡೋಣ ಅಂತ ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿ, ನಿಮಿಷಕ್ಕೆ 60 ಬಡಿತ ಇಟ್ಟೆ. ನಿಧಾನ ಆದ್ರೆ ಸುಲಭ ಅಂತ ನನ್ನ ಲೆಕ್ಕ. ಆದ್ರೆ ಮಕ್ಕಳು ಎರಡೇ ಸುತ್ತಿಗೆ ಅದನ್ನು ಬಿಟ್ಟು ಮುಂದೆ ಓಡಿದ್ರು. ಸಣ್ಣ ಮಕ್ಕಳ ಮೈಯ ಸಹಜ ಲಯವೇ ನಮಗಿಂತ ಚುರುಕು. 100ಕ್ಕೆ ಏರಿಸಿದೆ, ಸರಿಹೋಯ್ತು.

ಮೊದಲು ಬರೀ ಕಾಲು. ನಿಂತಲ್ಲೇ ಬಲ, ಎಡ, ಬಲ, ಎಡ. ಅದು ನಿಂತ ಮೇಲೆ ಬಾಯಿಗೆ ಒಂದು ಮಾತು: ‘ರೊಟ್ಟಿ ಬ್ಯಾಳಿ ತಾ’. ಮೊದಲ ಹೆಜ್ಜೆಗೆ ರೊಟ್ಟಿ, ಎರಡನೆಯದಕ್ಕೆ ಬ್ಯಾಳಿ, ಮೂರನೆಯದಕ್ಕೆ ತಾ, ನಾಲ್ಕನೆಯದಕ್ಕೆ ಸುಮ್ಮನೆ. ಆಮೇಲೆ ಪ್ರತಿ ಅಕ್ಷರಕ್ಕೂ ಒಂದು ಚಪ್ಪಾಳೆ. ಎರಡು, ಎರಡು, ಒಂದು, ಖಾಲಿ.

ಎಡವಟ್ಟಾಗಿದ್ದು ಆ ಖಾಲಿಯಲ್ಲೇ. ಚಪ್ಪಾಳೆ ಕೇಳೋಕೆ ಚೆನ್ನಾಗೇ ಇತ್ತು, ಆದ್ರೂ ಏನೋ ತಪ್ಪುತ್ತಿತ್ತು. ಕೊನೆಗೆ ಕಾಲು ನೋಡಿದೆ. ಸುತ್ತಿಗೆ ನಾಲ್ಕು ಹೆಜ್ಜೆ ಇದ್ರೆ ಪ್ರತಿ ‘ರೊಟ್ಟಿ’ಯೂ ಬಲಗಾಲಿಗೇ ಬರಬೇಕು. ಇವರದು ಎರಡನೇ ಸುತ್ತು ಎಡಗಾಲಿಗೆ ಶುರುವಾಗ್ತಿತ್ತು. ಸದ್ದಿಲ್ಲದ ಹೆಜ್ಜೆಯನ್ನು ನುಂಗಿ ಮೂರಕ್ಕೇ ಸುತ್ತು ಮುಗಿಸುತ್ತಿದ್ರು. (ಡಿಬಗ್ ಮಾಡೋ ಚಟ ಇಲ್ಲಿ ಉಪಯೋಗಕ್ಕೆ ಬಂತು.)

‘ಅಲ್ಲಿ ಸುಮ್ನಿರ್ರಿ’ ಅಂದ್ರೆ ಮಕ್ಕಳಿಗೆ ತಿಳಿಯಲ್ಲ. ಸುಮ್ಮನಿರೋಕೂ ಕೈಗೊಂದು ಕೆಲಸ ಬೇಕು. ಕರ್ನಾಟಕ ಸಂಗೀತದಲ್ಲಿ ತಾಳ ಹಾಕುವಾಗ ಪೆಟ್ಟಿನ ನಂತರ ಅಂಗೈ ಮೇಲೆ ಮಾಡ್ತಾರಲ್ಲ, ಆ ‘ಹುಸಿ’ಯನ್ನು ತಂದೆ. ನಾಲ್ಕನೇ ಹೆಜ್ಜೆಗೆ ಎರಡೂ ಅಂಗೈ ಬಿಚ್ಚಿ ‘ಶ್’ ಅನ್ನೋದು. ಹತ್ತು ಸುತ್ತಾದ ಮೇಲೆ ‘ಶ್’ ತೆಗೆದೆ, ಅಂಗೈ ಉಳಿಸಿದೆ. ಬಲಗಾಲು ತಪ್ಪಲಿಲ್ಲ.

ಕೊನೆಗೆ ವಾದ್ಯ. ಅರ್ಧ ಲೀಟರ್ ಬಾಟಲಿಗೆ ಎರಡು ಹಿಡಿ ತೊಗರಿ ಸುರಿದೆ, ನಮ್ಮಲ್ಲಿ ಅದಕ್ಕೇನು ಬರ! ಆದ್ರೆ ಬರೀ ಸರಸರ ಸದ್ದು, ಪೆಟ್ಟು ಎಲ್ಲಿ ಬಿತ್ತು ಗೊತ್ತಾಗಲ್ಲ. ಎರಡು ಚಮಚಕ್ಕೆ ಇಳಿಸಿದೆ. ಆಗ ಇನ್ನೊಂದು ತೊಂದರೆ. ಅಲುಗಿಸಿದ್ರೆ ಕಾಳು ಹೋಗುವಾಗ ಒಂದು ಸದ್ದು, ಬರುವಾಗ ಒಂದು. ‘ತಾ’ ಒಂದೇ ಇರಬೇಕಾದಲ್ಲಿ ಎರಡಾಯ್ತು. ಬಾಟಲಿ ನೆಟ್ಟಗೆ ಹಿಡಿದು, ತಳವನ್ನು ಇನ್ನೊಂದು ಅಂಗೈಗೆ ಕುಟ್ಟಿಸಿದಾಗ ಒಂದೇ ಚೊಕ್ಕ ಪೆಟ್ಟು ಬಂತು.

ಅರ್ಧ ಮಕ್ಕಳಿಗೆ ಬಾಟಲಿ, ಉಳಿದವರಿಗೆ ಬರೀ ಹೆಜ್ಜೆ ಲೆಕ್ಕಕ್ಕೆ ಖಾಲಿ ಎಣ್ಣೆ ಡಬ್ಬ. ಮೆಟ್ರೊನೋಮ್ ಆಫ್ ಮಾಡಿದೆ. ಐದಾರು ಸುತ್ತು ಗಟ್ಟಿಯಾಗಿ ನಡೀತು, ಆಮೇಲೆ ಡಬ್ಬದವರು ಓಡಿದ್ರು. ಅಕ್ಕನ ಮಗಳು ಬಾಟಲಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು: ‘ಮಾಮಾ, ಅವ್ರು ಶ್ ನುಂಗ್ಲಿಕ್ಕತ್ಯಾರ ನೋಡು.’