ಮಾದಯ್ಯನ ಕಾರು, ಮಾರಯ್ಯನ ಅಕ್ಕಿ



ಬಡವರ ಪಾಲಿನ ಅಕ್ಕಿಯನ್ನು ಕಳ್ಳರು ತಿನ್ನುತ್ತಿದ್ದಾರೆ, ಅವರನ್ನು ಹಿಡಿಯಲು ಯಂತ್ರ ತಂದಿದ್ದೇವೆ ಅಂತ ಸರ್ಕಾರಗಳು ಹೇಳುತ್ತಿವೆ. ಯಂತ್ರಕ್ಕೆ ಜಾತಿ ಇಲ್ಲ, ಲಂಚ ತಿನ್ನೋದಿಲ್ಲ, ಮುಲಾಜಿಲ್ಲ ಅಂತ ಪತ್ರಿಕೆಯವರೂ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟುವವರ ಮನೆಯ ಅಕ್ಕಿ ರೇಷನ್ ಅಂಗಡಿಯಿಂದ ಬರೋದಲ್ಲ. ನಮ್ಮದು ಅಲ್ಲಿಂದಲೇ ಬರುತ್ತದೆ. ಆದ್ದರಿಂದ ಈ ಯಂತ್ರ ಹೇಗೆ ಕಳ್ಳರನ್ನು ಹಿಡಿಯುತ್ತದೆ ಅಂತ ಬಿಚ್ಚಿ ನೋಡುವುದು ನಮ್ಮ ಕೆಲಸ.

ಪಕ್ಕದ ತೆಲಂಗಾಣವನ್ನು ನೋಡಿ. ಅಲ್ಲಿನ ಸರ್ಕಾರದ ಯಂತ್ರದ ಹೆಸರು ಸಮಗ್ರ ವೇದಿಕ. ವಾಹನ ನೋಂದಣಿ, ಆಸ್ತಿ, ಕರೆಂಟು ಬಿಲ್ಲು ಹೀಗೆ ಬೇರೆಬೇರೆ ಇಲಾಖೆಗಳ ಕಡತಗಳನ್ನೆಲ್ಲ ಇದು ಒಟ್ಟಿಗೆ ಇಟ್ಟುಕೊಂಡು, ಈ ಕಡತದ ಮನುಷ್ಯನೂ ಆ ಕಡತದ ಮನುಷ್ಯನೂ ಒಬ್ಬನೇ ಅಂತ ತೀರ್ಮಾನ ಮಾಡುತ್ತದೆ. ರೇಷನ್ ಕಾರ್ಡಿನವನ ಹೆಸರಲ್ಲಿ ಕಾರು ಕಂಡರೆ ಕಾರ್ಡು ಹೋಯಿತು. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ ಸುಮಾರು 19 ಲಕ್ಷ ಕಾರ್ಡುಗಳು ರದ್ದಾದವು. ಮನೆಗೆ ನೋಟೀಸಿಲ್ಲ. ಯಾಕೆ ಅಂತ ಹೇಳಿದವರಿಲ್ಲ. ಅಂಗಡಿಗೆ ಹೋಗಿ ಕ್ಯೂನಲ್ಲಿ ನಿಂತಾಗಲೇ ಗೊತ್ತಾಗೋದು, ನಿನ್ನ ಹೆಸರಿಲ್ಲ ಹೋಗಮ್ಮ ಅಂತ.

ಹೈದರಾಬಾದಿನ ಒಬ್ಬ ಮುದುಕಿಯ ಕಾರ್ಡು ಹೀಗೇ ಹೋಯಿತು. ಗಂಡ ರಿಕ್ಷಾ ತುಳಿದವನು. ಅವನ ಹೆಸರಿಗೆ ಹತ್ತಿರದ ಹೆಸರಿನ ಇನ್ನೊಬ್ಬನ ಬಳಿ ಕಾರಿತ್ತು. ಯಂತ್ರ ಇಬ್ಬರನ್ನೂ ಒಬ್ಬನೇ ಮಾಡಿತು. ನಮಗೆ ಕಾರಿಲ್ಲ ಸ್ವಾಮಿ ಅಂತ ಆಕೆ ಕಚೇರಿಯಿಂದ ಕಚೇರಿಗೆ ಅಲೆದಳು. ಅಧಿಕಾರಿಗಳು ನಂಬಿದ್ದು ಯಂತ್ರವನ್ನು. ಇರುವ ಕಾರನ್ನು ತೋರಿಸಬಹುದು. ಇಲ್ಲದ ಕಾರನ್ನು ಇಲ್ಲ ಅಂತ ತೋರಿಸುವುದು ಹೇಗೆ?

ಈಗ ಯಂತ್ರದ ಹೊಟ್ಟೆಯೊಳಕ್ಕೆ ಬನ್ನಿ. ಎರಡು ಕಡತಗಳಲ್ಲಿ ಹೆಸರು, ತಂದೆ ಹೆಸರು, ವಿಳಾಸ ಇವು ಎಷ್ಟು ಹೋಲುತ್ತವೆ ಅಂತ ಅಳೆದು ಅದು ಅಂಕ ಕೊಡುತ್ತದೆ. ಅಳೆಯುವ ಒಂದು ಸರಳ ವಿಧಾನ ಎಂದರೆ ಒಂದು ಹೆಸರು ಇನ್ನೊಂದಾಗಲು ಎಷ್ಟು ಅಕ್ಷರ ಬದಲಾಯಿಸಬೇಕು ಅಂತ ಎಣಿಸುವುದು. ನಮ್ಮ ಹಟ್ಟಿಯ ಹೆಸರುಗಳನ್ನೇ ತೆಗೆದುಕೊಂಡು ನೋಡೋಣ. ಹನುಮಯ್ಯ ಒಬ್ಬನೇ. ಅವನನ್ನು ಒಂದು ಕಚೇರಿಯವನು `Hanumaiah` ಅಂತ ಟೈಪು ಮಾಡಿದ, ಇನ್ನೊಬ್ಬ `Hanumayya` ಅಂತ ಟೈಪು ಮಾಡಿದ. ವ್ಯತ್ಯಾಸ ಮೂರು ಅಕ್ಷರ. ಮಾರಯ್ಯ ಮತ್ತು ಮಾದಯ್ಯ ಬೇರೆಬೇರೆ ಮನುಷ್ಯರು. `Maraiah`, `Madaiah`. ವ್ಯತ್ಯಾಸ ಒಂದೇ ಅಕ್ಷರ. ಅಂದರೆ ಯಂತ್ರದ ಕಣ್ಣಿಗೆ ಹನುಮಯ್ಯ ತನಗೆ ತಾನೇ ದೂರ, ಮಾರಯ್ಯ ಮಾತ್ರ ಮಾದಯ್ಯನಿಗೆ ಹತ್ತಿರ! ಇದಕ್ಕಿಂತ ಜಾಣ ಅಳತೆಗಳೂ ಇವೆ, ಉಚ್ಚಾರಣೆ ನೋಡುವಂಥವು, ಊರು ನೋಡುವಂಥವು. ಆದರೆ ಕೊನೆಗೆ ಯಾರೋ ಒಬ್ಬ ಕೂತು ಗೆರೆ ಎಳೆಯಲೇಬೇಕು: ಇಷ್ಟು ಅಂಕ ಬಂದರೆ ಇಬ್ಬರೂ ಒಬ್ಬನೇ ಅಂತ. ಗೆರೆ ಮೇಲಿಟ್ಟರೆ ಹನುಮಯ್ಯನೊಳಗಿನ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಕೆಳಗಿಟ್ಟರೆ ಮಾದಯ್ಯನ ಕಾರಿಗೆ ಮಾರಯ್ಯನ ಅಕ್ಕಿ ಹೋಗುತ್ತದೆ. ಈ ಗೆರೆಯನ್ನು ಎಳೆಯುವವನು ಯಂತ್ರವಲ್ಲ, ಮನುಷ್ಯ. ಖರ್ಚು ಉಳಿಸಬೇಕೆಂದು ಹೊರಟ ಮನುಷ್ಯ ಗೆರೆಯನ್ನು ಎಲ್ಲಿ ಎಳೆದಾನು ಅನ್ನೋದನ್ನ ನಾವು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಜಾತಿ ಇಲ್ಲದ ಯಂತ್ರ ಅಂದರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಅಜ್ಜನ ಕಾಲದಿಂದ ಪತ್ರ, ಪಹಣಿ, ಪಾಸ್‌ಪೋರ್ಟು ಇಟ್ಟುಕೊಂಡವನ ಹೆಸರು ಎಲ್ಲ ಕಡೆ ಒಂದೇ ಥರ ಇರುತ್ತದೆ. ನಮ್ಮಪ್ಪ ಅವ್ವಂದಿರ ಹೆಸರು ಬರೆದವರು ಬೇರೆಯವರು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಒಂದು ಬರೆದರು, ಆಧಾರ್ ಮಾಡಿದ ಹುಡುಗ ಇನ್ನೊಂದು ಟೈಪು ಮಾಡಿದ. ವಿದ್ಯಾರ್ಥಿವೇತನದ ಅರ್ಜಿ ಹಾಕಿದ ಪ್ರತಿ ಹಾಸ್ಟೆಲ್ ಹುಡುಗನಿಗೂ ಹುಡುಗಿಗೂ ಇದು ಗೊತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು, ಜಾತಿ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಒಂದು ಅಕ್ಷರ ಸರಿಮಾಡಿಸಲು ನಾಡಕಚೇರಿಗೆ ಎಷ್ಟು ಸಲ ತಿರುಗಿದಿರಿ? ಆ ಕೊಳೆ ಕಡತಗಳನ್ನೇ ತಿಂದು ಬೆಳೆದ ಯಂತ್ರ ಯಾರನ್ನು ಮೊದಲು ಎಡವುತ್ತದೆ?

ನೂರಕ್ಕೆ 95 ಸರಿ ಹೇಳುತ್ತದಲ್ಲ, ಸಾಲದೆ ಅಂತ ಕೇಳುತ್ತಾರೆ. ಲೆಕ್ಕ ಹಾಕೋಣ. ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ಕಾರ್ಡು, ಅದರಲ್ಲಿ ಎರಡು ಸಾವಿರ ಸುಳ್ಳು ಕಾರ್ಡು ಅಂತ ಇಟ್ಟುಕೊಳ್ಳಿ. ಯಂತ್ರ ಸುಳ್ಳು ಕಾರ್ಡನ್ನೂ ನೂರಕ್ಕೆ 95 ಹಿಡಿಯುತ್ತದೆ, ನಿಜ ಕಾರ್ಡನ್ನೂ ನೂರಕ್ಕೆ 95 ಸರಿಯಾಗಿ ಬಿಡುತ್ತದೆ. ಸಿಕ್ಕಿಬಿದ್ದ ಸುಳ್ಳು ಕಾರ್ಡು 1,900. ಉಳಿದ 98,000 ನಿಜದ ಕಾರ್ಡುಗಳಲ್ಲಿ ನೂರಕ್ಕೆ ಐದು ತಪ್ಪಿದರೆ 4,900. ಕಳ್ಳರ ಪಟ್ಟಿ ಅಂತ ತಹಸೀಲ್ದಾರರ ಮೇಜಿಗೆ ಬರುವ 6,800 ಹೆಸರುಗಳಲ್ಲಿ 4,900 ಮಂದಿ ಕಳ್ಳರೇ ಅಲ್ಲ. ಕಳ್ಳರು ಕಡಿಮೆ ಇದ್ದಷ್ಟೂ ಪಟ್ಟಿಯಲ್ಲಿ ನಿರಪರಾಧಿಗಳ ಪಾಲು ಹೆಚ್ಚು. ಹೀಗಿರುವಾಗ ಆ ಪಟ್ಟಿ ಹೋಗಿ ನೋಡಿಬರಬೇಕಾದ ಮನೆಗಳ ಪಟ್ಟಿ ಆಗಬಹುದೇ ಹೊರತು ತೀರ್ಪು ಆಗಲಾರದು. ತೆಲಂಗಾಣದಲ್ಲಿ ಆದದ್ದು ತೀರ್ಪು. ಕೊಯ್ದು ಹಾಕಿದ ಮೇಲೆ ವಿಚಾರಣೆ.

ಆ ವಿಚಾರಣೆಯೂ ಸುಮ್ಮನೆ ಬರಲಿಲ್ಲ. ಕೋರ್ಟಿಗೆ ಹೋಗಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ರದ್ದು ಮಾಡಿದ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ ಹೇಳಿತು. ಬಂದ ಅರ್ಜಿ ಸುಮಾರು 4 ಲಕ್ಷ 92 ಸಾವಿರ. ಅದೇ ಜುಲೈ ಹೊತ್ತಿಗೆ ನೋಡಿ ಮುಗಿಸಿದ್ದು 2,05,734. ಅದರಲ್ಲಿ 15,471 ಕುಟುಂಬಗಳು ಅರ್ಹವೇ ಅಂತ ಸರ್ಕಾರವೇ ಒಪ್ಪಿತು. ಅಂದರೆ ಸುಮಾರು 13 ಮನೆಗೆ ಒಂದು ಮನೆ. ಇದು ಅರ್ಜಿ ಹಾಕಲು ಕಾಲಲ್ಲಿ ಬಲ ಇದ್ದವರ ಲೆಕ್ಕ. 19 ಲಕ್ಷದಲ್ಲಿ ಬಹುಪಾಲು ಬಾಗಿಲಿಗೆ ಬರಲೇ ಇಲ್ಲ. ಬಾರದವರೆಲ್ಲ ಕಳ್ಳರೋ? ಗುಳೆ ಹೋದವರೋ? ಸತ್ತವರೋ? ಯಂತ್ರದ ಒಳಗಿನ ಬರಹ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ, ಅದು ಕಂಪನಿಯ ಸೊತ್ತು, ಕೊಡಲಾಗದು ಅಂದರು. ಶ್ಯಾನುಭೋಗನ ದಫ್ತರವನ್ನೂ ನಮ್ಮ ಹಿರಿಯರು ಮುಟ್ಟುವ ಹಾಗಿರಲಿಲ್ಲ. ಆದರೂ ಅವನ ಜಗುಲಿ ಎಲ್ಲಿದೆ ಅಂತಲಾದರೂ ಗೊತ್ತಿತ್ತು.

ಇದೆಲ್ಲ ಪಕ್ಕದ ರಾಜ್ಯದ್ದು ಅಂತ ಸುಮ್ಮನಿರಬೇಡಿ. ನಮ್ಮಲ್ಲೂ ರೇಷನ್ ಕಾರ್ಡನ್ನೇ ಬುಡವಾಗಿಟ್ಟುಕೊಂಡ ಕುಟುಂಬ ಅನ್ನುವ ದತ್ತಾಂಶ ಇದೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಲು ಹೊರಟು ಗದ್ದಲವೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟುವುದಿಲ್ಲ ಅಂತ ಸರ್ಕಾರ ಹಿಂದೆ ಸರಿಯಿತು. ಅಲ್ಲೂ ತೆಲಂಗಾಣದ ಯಂತ್ರವೇ ಇತ್ತು ಅಂತ ನಾವು ಹೇಳುತ್ತಿಲ್ಲ. ಮೊದಲು ಕಡತ ತಾಳೆ ನೋಡು, ಕೊಯ್ದುಬಿಡು, ಆಮೇಲೆ ಮನೆ ನೋಡು ಅನ್ನುವ ದಾರಿ ಒಂದೇ.

ಹಾಗಾದರೆ ಕಳ್ಳ ಕಾರ್ಡು ಹಿಡಿಯೋದು ಬೇಡವಾ? ಹಿಡಿಯಿರಿ, ಯಾರು ಬೇಡ ಅಂದರು? ನಮ್ಮ ಪಾಲನ್ನೇ ಅವರು ಕದಿಯುವುದು. ಆದರೆ ತಕ್ಕಡಿಯಲ್ಲಿ ಒಂದು ಕೆಜಿ ಹೊಡೆಯುವ ಅಂಗಡಿಯವನು ಈ ಯಂತ್ರದ ಕಣ್ಣಿಗೆ ಬೀಳೋದಿಲ್ಲ, ಗೋಡೌನಿನಿಂದ ಮಿಲ್ಲಿಗೆ ಹೋಗುವ ಲಾರಿ ಬೀಳೋದಿಲ್ಲ. ಕ್ಯೂನಲ್ಲಿ ನಿಂತವಳ ಮೇಲೆ ಮಾತ್ರ ಅದರ ಕಣ್ಣು.

ನಾವು ಕೇಳುವುದು ಕಷ್ಟದ್ದಲ್ಲ. ಯಂತ್ರ ಹೆಸರು ತೋರಿಸಿದರೆ ಮೊದಲು ಮನೆಗೆ ನೋಟೀಸು ಬರಲಿ, ಕನ್ನಡದಲ್ಲಿ. ಕಾರಿದೆ ಅನ್ನುವುದಾದರೆ ಆ ಕಾರಿನ ನಂಬರು ಅದರಲ್ಲಿರಲಿ. ನಂಬರು ಸಿಕ್ಕರೆ ಅದು ಯಾರದೆಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅಧಿಕಾರಿ ಮನೆಗೆ ಬಂದು ನೋಡಿ ರುಜು ಹಾಕುವ ತನಕ ಅಕ್ಕಿ ನಿಲ್ಲಬಾರದು. ತಪ್ಪಾಗಿ ರದ್ದಾದವು ಎಷ್ಟು ಅಂತ ತಿಂಗಳು ತಿಂಗಳು ಪಂಚಾಯ್ತಿ ಗೋಡೆಗೆ ಅಂಟಿಸಲಿ.

ಈ ರಜೆಗೆ ಊರಿಗೆ ಹೋದಾಗ ಕೇರಿಯ ಮನೆಮನೆಗೂ ಹೋಗಿ. ಯಾರ ಕಾರ್ಡು ನಿಂತಿದೆ, ಯಾವ ತಿಂಗಳಿಂದ, ಏನು ಕಾರಣ ಹೇಳಿದರು ಅಂತ ಬರೆದುಕೊಳ್ಳಿ. ಬಾಯಿಮಾತಿನ ಕಾರಣ ಬೇಡ, ಬರಹದಲ್ಲಿ ಕೊಡಿ ಅಂತ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಚೀಟಿ ಇಸಿದುಕೊಳ್ಳಿ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಇಂಥ ದೂರು ಕೇಳಲೆಂದೇ ಜಿಲ್ಲೆಗೊಬ್ಬ ಅಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಅಲ್ಲಿಗೂ ಒಂದು ಪ್ರತಿ ಹೋಗಲಿ. ಪಟ್ಟಿಯನ್ನು ಮುಂದಿನ ಸಭೆಗೆ ತನ್ನಿ, ಹೆಸರುಗಳನ್ನು ಅವರವರ ಬಾಯಲ್ಲಿ ಕೇಳಿದ ಹಾಗೇ ಬರೆದು ತನ್ನಿ.