ಲಾಲ್‌ಬಾಗ್ ಬಂಡೆ ಮೊದಲು ಕೆಸರಾಗಿತ್ತೇ?

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ರೂಪಾಂತರ ಶಿಲೆಗಳ ಪಾಠ ಮಾಡಿದೆ. ಕಪ್ಪುಹಲಗೆಯ ಮೇಲೆ ಶೇಲ್, ಸ್ಲೇಟು, ಶಿಸ್ಟ್, ನೈಸ್ ಎಂದು ಬರೆದು, ನಡುವೆ ಬಾಣ ಹಾಕಿ, ಮೇಲೆ ‘ಉಷ್ಣತೆ ಮತ್ತು ಒತ್ತಡ ಹೆಚ್ಚಳ’ ಎಂದು ಬರೆದೆ. ಬಣ್ಣಬಣ್ಣದ ಜೇಡಿಮಣ್ಣಿನ ಪದರಗಳನ್ನು ಅಂಗೈಯಲ್ಲಿ ಒತ್ತಿ, ನೈಸ್‌ನ ಪಟ್ಟೆಗಳು ಹೀಗೆ ಬರುತ್ತವೆ ಎಂದೂ ತೋರಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಬೋಧನೋಪಕರಣಕ್ಕೆ ಒಳ್ಳೆಯ ಟಿಪ್ಪಣಿಯೇ ಸಿಕ್ಕಿತು. ಆಗ ಒಬ್ಬ ಹುಡುಗಿ ಕೇಳಿದಳು: “ಮಿಸ್, ಲಾಲ್‌ಬಾಗ್ ಗುಡ್ಡ ನೈಸ್ ಅಂದ್ರಲ್ಲ, ಹಾಗಾದ್ರೆ ಅದು ಮೊದಲು ಕೆಸರಾಗಿತ್ತಾ?” ನಾನು “ಹೌದಮ್ಮ” ಎಂದುಬಿಟ್ಟೆ.

ಆ ಉತ್ತರ ತಪ್ಪು. ತಪ್ಪು ನನ್ನದಾದರೂ ಅದಕ್ಕೆ ದಾರಿ ಮಾಡಿದ್ದು ನಾವೆಲ್ಲ ಪಾಠಯೋಜನೆಗೆ ಇಳಿಸಿಕೊಳ್ಳುವ ಆ ಬಾಣದ ಸಾಲು. ಅದನ್ನು ಹೆಸರುಗಳ ಏಣಿಯಾಗಿ ಕಲಿಸುವುದನ್ನು ಬಿಟ್ಟು, ಅಭ್ರಕ ಬೆಳೆದು ಮತ್ತೆ ಕರಗಿಹೋಗುವ ಕಥೆಯಾಗಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಅಭ್ರಕವೆಂದರೆ ನಮ್ಮೂರಿನ ಮಕ್ಕಳಿಗೆ ಗೊತ್ತಿರುವ ಕಾಗೆಬಂಗಾರವೇ.

ಶೇಲ್‌ನ ಜೇಡಿ ಖನಿಜಗಳ ರಚನೆಯೊಳಗೇ ನೀರು ಬಂಧಿಯಾಗಿರುತ್ತದೆ. ಶಿಲೆ ಆಳಕ್ಕೆ ಹೋಗಿ 200ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಜೇಡಿ ಒಡೆದು, ಅತಿ ಸೂಕ್ಷ್ಮವಾದ ಅಭ್ರಕ ಮತ್ತು ಕ್ಲೋರೈಟ್ ಹರಳುಗಳು ಹುಟ್ಟುತ್ತವೆ. ಇಲ್ಲಿ ಕರಗಿ ದ್ರವವಾಗುವುದು ಏನೂ ಇಲ್ಲ, ಎಲ್ಲವೂ ಘನರೂಪದಲ್ಲೇ ನಡೆಯುತ್ತದೆ. ಒಂದು ದಿಕ್ಕಿನಿಂದ ಹೆಚ್ಚು ಒತ್ತಡ ಬಿದ್ದರೆ ಈ ಚಪ್ಪಟೆ ಹರಳುಗಳು ಅದಕ್ಕೆ ಅಡ್ಡಲಾಗಿ ಸಾಲುಗಟ್ಟುತ್ತವೆ. ಸ್ಲೇಟು ತೆಳು ಹಾಳೆಗಳಾಗಿ ಸೀಳುವುದು ಇದರಿಂದ. ಆ ಸೀಳು ಹಳೆಯ ಕೆಸರಿನ ಪದರದ ಗುರುತಲ್ಲ. ಎಷ್ಟೋ ಕಡೆ ಹಳೆಯ ಪದರದ ಬಣ್ಣದ ಗೆರೆ ಒಂದು ದಿಕ್ಕಿಗಿದ್ದರೆ ಸೀಳು ಅದನ್ನು ಓರೆಯಾಗಿ ಕತ್ತರಿಸಿ ಹೋಗಿರುತ್ತದೆ. ನನ್ನ ಜೇಡಿಮಣ್ಣಿನ ಪ್ರಾತ್ಯಕ್ಷಿಕೆ ಇದನ್ನೇ ಮರೆಮಾಡಿತ್ತು. ಅದರಲ್ಲಿ ಹಳೆಯ ಪದರ ಚಪ್ಪಟೆಯಾಯಿತೇ ಹೊರತು ಹೊಸ ಖನಿಜ ಯಾವುದೂ ಹುಟ್ಟಲಿಲ್ಲ.

500 ಡಿಗ್ರಿಯ ಆಸುಪಾಸಿನಲ್ಲಿ, ಸುಮಾರು 18 ಕಿಲೋಮೀಟರ್ ಆಳದಲ್ಲಿ ಒತ್ತಡ ವಾಯುಮಂಡಲದ 5,000 ಪಟ್ಟು ಇರುವಲ್ಲಿ, ಅಭ್ರಕದ ಚಕ್ಕೆಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವಾಗುತ್ತವೆ. ಬಿಸಿಲಿಗೆ ಹಿಡಿದರೆ ಮಿನುಗುವ ಈ ಶಿಲೆಯೇ ಶಿಸ್ಟ್. ಅದರಲ್ಲಿ ಕೆಂಪು ಗಾರ್ನೆಟ್ ಗುಂಡುಗಳೂ ಬರಬಹುದು. ಪ್ರತಿ ಹಂತದಲ್ಲೂ ಒಂದಿಷ್ಟು ನೀರು ಹೊರಬೀಳುತ್ತಿರುತ್ತದೆ.

650ರಿಂದ 700 ಡಿಗ್ರಿಯ ಹೊತ್ತಿಗೆ ಕಥೆ ತಿರುಗುತ್ತದೆ. ಬಿಳಿ ಅಭ್ರಕ ಬೆಣಚಿನೊಂದಿಗೆ ವರ್ತಿಸಿ ಫೆಲ್ಡ್‌ಸ್ಪಾರ್ ಮತ್ತು ಸಿಲಿಮನೈಟ್ ಆಗುತ್ತದೆ, ನೀರು ಹೊರಟುಹೋಗುತ್ತದೆ. ಸೀಳಲು ಬೇಕಾದ ಹಾಳೆಗಳೇ ಕಡಿಮೆಯಾಗುವುದರಿಂದ ನೈಸ್ ಶಿಸ್ಟ್‌ನಂತೆ ಸೀಳುವುದಿಲ್ಲ. ಬೆಣಚು, ಫೆಲ್ಡ್‌ಸ್ಪಾರ್ ಬಿಳಿ ಪಟ್ಟೆಗಳಾಗಿ, ಉಳಿದ ಕಪ್ಪು ಅಭ್ರಕ ಬೇರೆ ಪಟ್ಟೆಗಳಾಗಿ ನಿಲ್ಲುತ್ತವೆ. ‘ಹೆಚ್ಚು ಒತ್ತಿದರೆ ಹೆಚ್ಚು ಪದರ’ ಎಂದು ಮಕ್ಕಳು ಬರೆಯುವ ಉತ್ತರ ಇಲ್ಲಿ ಮುರಿದುಬೀಳುತ್ತದೆ. (ನಾನೂ ಪದವಿ ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತೆಗೆದುಕೊಂಡವಳು.)

ಈ ಕ್ರಮ ಪ್ರಯೋಗಾಲಯಕ್ಕಿಂತ ಮೊದಲು ಬಯಲಿನಲ್ಲಿ ತಿಳಿದದ್ದು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಜಾರ್ಜ್ ಬ್ಯಾರೊ, ಕೆಸರಿನಿಂದಾದ ಶಿಲೆಗಳಲ್ಲಿ ಯಾವ ಖನಿಜ ಎಲ್ಲಿ ಮೊದಲು ಕಾಣುತ್ತದೆ ಎಂದು ಗುರುತಿಸಿ 1893ರಲ್ಲಿ ಪ್ರಕಟಿಸಿದರು. ಮುಂದೆ ಆ ಪಟ್ಟಿ ಪೂರ್ಣಗೊಂಡು ಕ್ಲೋರೈಟ್, ಬಯೊಟೈಟ್, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಸಿಲಿಮನೈಟ್ ಎಂದು ಕಡಿಮೆ ದರ್ಜೆಯಿಂದ ಹೆಚ್ಚಿನ ದರ್ಜೆಗೆ ಏರುವ ಕ್ರಮವಾಯಿತು. ಹೋಲಿಕೆ ಸಾಧ್ಯವಾದದ್ದು ಮೂಲ ಶಿಲೆ ಎಲ್ಲೆಡೆ ಕೆಸರಿನಿಂದಾದದ್ದೇ ಆಗಿದ್ದರಿಂದ. ಶುದ್ಧ ಸುಣ್ಣಕಲ್ಲನ್ನು ಎಷ್ಟೇ ಬಿಸಿ ಮಾಡಿದರೂ ಅಲ್ಲಿ ಗಾರ್ನೆಟ್ಟೂ ಬರುವುದಿಲ್ಲ, ಶಿಸ್ಟೂ ಆಗುವುದಿಲ್ಲ. ಅದು ಅಮೃತಶಿಲೆಯಾಗುತ್ತದೆ.

ನಾನು ಮಕ್ಕಳಿಗೆ ಹೇಳದೆ ಬಿಟ್ಟದ್ದು ಈ ಷರತ್ತನ್ನು. ನೈಸ್ ಎಂಬುದು ಪಟ್ಟೆಗಳಿರುವ ರಚನೆಯ ಹೆಸರು. ಮೊದಲು ಏನಿತ್ತೆಂದು ಆ ಹೆಸರು ಹೇಳುವುದಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗ್ ನೈಸ್ ಬಹುಪಾಲು ಗ್ರಾನೈಟಿನಂಥ ಅಗ್ನಿಶಿಲೆಯಿಂದ ಆದದ್ದು. ಅದು ಸ್ಲೇಟಾಗಲಿ ಶಿಸ್ಟಾಗಲಿ ಆಗದೆ ನೇರವಾಗಿ ನೈಸ್ ಆಯಿತು. ಅಲ್ಲಿ ಕಾಣುವುದು ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್, ಒಂದಿಷ್ಟು ಕಪ್ಪು ಅಭ್ರಕ. ಕೆಸರಿನ ಮೂಲದ ನೈಸ್ ಆಗಿದ್ದರೆ ಅಲ್ಯೂಮಿನಿಯಂ ಹೇರಳವಾಗಿರುವ ಸಿಲಿಮನೈಟ್‌ನಂಥ ಖನಿಜಗಳು ಸಿಗಬೇಕಿತ್ತು.

ಮಾರನೆಯ ದಿನ ತರಗತಿಯಲ್ಲಿ ನನ್ನ ಉತ್ತರ ತಪ್ಪೆಂದು ಹೇಳಿದೆ. ಹಳೆಯ ಸಾಲನ್ನೇ ಮತ್ತೆ ಬರೆದು ‘ಮೂಲ ಶಿಲೆ: ಕೆಸರು’ ಎಂದು ತಲೆಬರಹ ಕೊಟ್ಟೆ, ಪ್ರತಿ ಹೆಸರಿನ ಕೆಳಗೆ ಅಭ್ರಕದ ಸ್ಥಿತಿ ಬರೆಸಿದೆ. ಅದೇ ಹುಡುಗಿ, “ಹಾಗಾದ್ರೆ ಕೆಸರಿಂದ ಆಗಿದ್ದು ನಮ್ಮ ಕಡೆ ಎಲ್ಲಿದೆ ಮಿಸ್?” ಎಂದಳು. ಹೊಳೆನರಸೀಪುರದ ಸುತ್ತ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಇರುವ ಶಿಸ್ಟ್ ಸಿಗುತ್ತದೆ ಎಂದೆ. ಅವಳು ಬ್ಯಾರೊನ ಪಟ್ಟಿಯ ಮೇಲೆ ಬೆರಳಿಟ್ಟು, “ಅಂದ್ರೆ ಐದನೇ ಮೆಟ್ಟಿಲು” ಎಂದಳು.